ಮೇಣಕ್ಕೆ ಒಪ್ಪುವ ಮೂಲೆ

ನಮ್ಮ ಸೋದರತ್ತೆಯ ವೀಣೆ ತೀರ್ಥಹಳ್ಳಿಯ ಹಳೆಯ ಮನೆಯಿಂದ ಬೆಂಗಳೂರಿನ ನಮ್ಮ ಫ್ಲ್ಯಾಟಿಗೆ ಬಂದದ್ದು ಒಂದು ಡಿಸೆಂಬರಿನಲ್ಲಿ. ಅಷ್ಟು ಚೆಂದದ ವಸ್ತು ಬಂದವರ ಕಣ್ಣಿಗೆ ಬೀಳಲಿ ಎಂದು ಹಾಲ್‌ನಲ್ಲಿ, ಪಶ್ಚಿಮದ ದೊಡ್ಡ ಕಿಟಕಿಯ ಪಕ್ಕ, ಒಂದು ತಗ್ಗು ಮೇಜಿನ ಮೇಲೆ ಇಟ್ಟೆ. ಸಂಜೆಯ ಬಿಸಿಲು ದಂಡಿಯ ಮೇಲೆ ಬಿದ್ದಾಗ ಕಂಚಿನ ಮೆಟ್ಟಿಲುಗಳು ಹೊಳೆಯುತ್ತಿದ್ದವು. ಅದನ್ನು ನೋಡುತ್ತಾ ಕೂರುವುದೇ ನನಗೆ ಖುಷಿಯಾಗಿತ್ತು.

ಏಪ್ರಿಲ್ ಎರಡನೇ ವಾರದಲ್ಲಿ ಮಧ್ಯಸ್ಥಾಯಿಯ ಧೈವತ ಕಿವಿಗೆ ಒಗರಾಯಿತು. ಶ್ರುತಿ ಸರಿ ಮಾಡಿದೆ, ಸರಿಹೋಗಲಿಲ್ಲ. ತಂತಿ ಹಳೆಯದಾಯಿತೆಂದು ಹೊಸದು ಹಾಕಿದೆ. ಆಗಲೂ ಎರಡು ಮೆಟ್ಟಿಲುಗಳ ಮೇಲೆ ಒತ್ತಿದಾಗ ಮಾತ್ರ ‘ಝರ್’ ಎಂಬ ಸದ್ದು. ಕೊನೆಗೆ ಮೈಸೂರಿನಲ್ಲಿ ವೀಣೆ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಕೊಂಡೊಯ್ದೆ. ಅವರು ವೀಣೆಯನ್ನು ನುಡಿಸಿಯೂ ನೋಡಲಿಲ್ಲ. ಆ ಎರಡು ಮೆಟ್ಟಿಲುಗಳ ಕೆಳಗಿನ ಕಪ್ಪು ಮೇಣವನ್ನು ಹೆಬ್ಬೆರಳ ಉಗುರಿನಿಂದ ಒತ್ತಿ, ನನ್ನತ್ತ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: “ಅಮ್ಮಾ, ಇದನ್ನ ಮನೇಲಿ ಎಲ್ಲಿಡ್ತೀರಿ?”

ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಿಕೊಳ್ಳಲು ನನಗೆ ಆಮೇಲೆ ಎರಡು ವಾರ ಬೇಕಾಯಿತು.

ಸರಸ್ವತಿ ವೀಣೆಯ ಮೆಟ್ಟಿಲುಗಳನ್ನು ಗಿಟಾರಿನ ಹಾಗೆ ಮರಕ್ಕೆ ಬಡಿದು ಕೂರಿಸಿರುವುದಿಲ್ಲ. ದಂಡಿಯ ಎರಡು ಅಂಚಿಗೂ ಮೇಣದ ಕಟ್ಟೆ ಕಟ್ಟಿ, ಅದರ ಮೇಲೆ 24 ಮೆಟ್ಟಿಲುಗಳನ್ನು ಒಂದೊಂದಾಗಿ, ಶ್ರುತಿ ಕೇಳಿಕೊಂಡು ಕೂರಿಸುತ್ತಾರೆ. ಇದನ್ನೇ ಮೇಳ ಕಟ್ಟುವುದು ಎನ್ನುವುದು. ಒಂದು ಸ್ಥಾಯಿಗೆ 12 ಮೆಟ್ಟಿಲಿನಂತೆ ಎರಡು ಸ್ಥಾಯಿಗೆ ಇಪ್ಪತ್ತನಾಲ್ಕನ್ನು ಹೀಗೆ ನೆಲೆಯಾಗಿ ಇಡುವ ಕ್ರಮ 17ನೇ ಶತಮಾನದಲ್ಲಿ, ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ರೂಢಿಗೆ ಬಂತೆಂದು ಸಂಗೀತದ ಚರಿತ್ರೆ ಬರೆದವರು ಹೇಳುತ್ತಾರೆ. ಮೇಣವೇ ಏಕೆ ಎಂದರೆ, ಅದು ತಿದ್ದಲು ಬಿಡುತ್ತದೆ. ಕಾಲ ಕಳೆದಂತೆ ಮರ ಅಲುಗುತ್ತದೆ, ಮೆಟ್ಟಿಲು ಸವೆಯುತ್ತದೆ. ಮೇಣವನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ಮೆಟ್ಟಿಲನ್ನು ಕೂದಲೆಳೆಯಷ್ಟು ಸರಿಸಿ ಸ್ವರವನ್ನು ಮತ್ತೆ ಸರಿಮಾಡಬಹುದು. ಕುಶಲಕರ್ಮಿಗೆ ಅನುಕೂಲವಾದ ಈ ಗುಣವೇ ಮನೆಯಲ್ಲಿ ವೀಣೆ ಇಟ್ಟವರಿಗೆ ಎಚ್ಚರಿಕೆಯ ವಿಷಯ. ಅವರು ಕೆಂಡದ ಕಾವಿನಲ್ಲಿ ಬೇಕೆಂದೇ ಮಾಡುವುದನ್ನು ನಮ್ಮ ಕಿಟಕಿಯ ಬಿಸಿಲು ಬೇಡದ ಹೊತ್ತಿನಲ್ಲಿ ಮಾಡಿಬಿಡುತ್ತದೆ.

ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ವೀಣೆಯ ಮೇಣಕ್ಕೆ ರಾಳವನ್ನೂ ಮಸಿಯನ್ನೂ ಬೆರೆಸಿ ಗಟ್ಟಿ ಮಾಡಿರುತ್ತಾರೆ. ಹಾಗಾಗಿ ಮನೆಯೊಳಗೆ ಅದು ಕರಗಿ ಹರಿಯುವ ಮಾತಿಲ್ಲ. ಆದರೆ ಕರಗುವುದಕ್ಕೆ ಎಷ್ಟೋ ಮೊದಲೇ ಮೇಣ ಮೆತ್ತಗಾಗುತ್ತದೆ. ಮಸಿಯಿಂದ ಕಪ್ಪಾಗಿರುವ ಕಾರಣ ನೇರ ಬಿಸಿಲು ಬಿದ್ದರೆ ಸುತ್ತಲಿನ ಗಾಳಿಗಿಂತ ಬೇಗ, ಹೆಚ್ಚು ಕಾಯುತ್ತದೆ. ಹೀಗೆ ಮೆತ್ತಗಾದ ಹೊತ್ತಿನಲ್ಲಿ ನಾವು ಕೂತು ನುಡಿಸುತ್ತೇವೆ, ಗಮಕಕ್ಕಾಗಿ ತಂತಿಯನ್ನು ಒತ್ತಿ ಎಳೆಯುತ್ತೇವೆ. ಮೆಟ್ಟಿಲು ಒಂದು ಕಡೆಗೆ ಕೂದಲಷ್ಟು ಕುಸಿಯುತ್ತದೆ. ರಾತ್ರಿ ಮೇಣ ಮತ್ತೆ ಗಟ್ಟಿಯಾಗುತ್ತದೆ, ಕುಸಿದದ್ದು ಕುಸಿದಲ್ಲೇ ನಿಲ್ಲುತ್ತದೆ. ಮಾರ್ಚ್‌ನಿಂದ ಏಪ್ರಿಲ್‌ವರೆಗೆ ನನ್ನ ವೀಣೆಗೆ ಆದದ್ದು ಇದೇ. ಕಣ್ಣಿಗೆ ಏನೂ ಕಾಣಲಿಲ್ಲ, ಕಿವಿಗೆ ಮಾತ್ರ ಗೊತ್ತಾಯಿತು.

ಕೆಟ್ಟದ್ದು ಮೇಣವೋ ಬೇರೇನೋ ಎಂದು ಮನೆಯಲ್ಲೇ ತಿಳಿಯುವ ದಾರಿಯನ್ನೂ ಆ ಹಿರಿಯರು ಹೇಳಿಕೊಟ್ಟರು. ಸಾರಣಿ ತಂತಿಯನ್ನು ಶ್ರುತಿಗೆ ಕೂರಿಸಿ, ಒಂದೊಂದೇ ಮೆಟ್ಟಿಲಿನ ಸ್ವರವನ್ನು ತಂಬೂರಿಯ ಜೊತೆ ಕೇಳುತ್ತಾ ಹೋಗಬೇಕು. 12ನೇ ಮೆಟ್ಟಿಲು ಮೇಲಿನ ಷಡ್ಜವನ್ನು ಸರಿಯಾಗಿ ಕೊಡಬೇಕು. ಕೆಳಗಿನಿಂದ ಮೇಲಕ್ಕೆ ಹೋದಷ್ಟೂ ತಪ್ಪು ಹೆಚ್ಚುತ್ತಾ ಹೋದರೆ ಕುದುರೆ ಜಾಗ ಬಿಟ್ಟು ಸರಿದಿದೆ ಎಂದರ್ಥ. ಎಲ್ಲೋ ನಡುವೆ ಒಂದೆರಡು ಮೆಟ್ಟಿಲು ಮಾತ್ರ ತಪ್ಪಿದ್ದು, ಆಚೆ ಈಚೆಯವು ಸರಿಯಿದ್ದರೆ ತಪ್ಪು ಮೇಣದ್ದು. ‘ಝರ್’ ಸದ್ದಿಗೂ ಕಾರಣ ಅದೇ. ಮೆಟ್ಟಿಲು ಕೆಳಗಿಳಿದಾಗ, ಅದರ ಮೇಲೆ ಒತ್ತಿದ ತಂತಿ ಕುದುರೆಯ ಕಡೆಗಿರುವ ಮುಂದಿನ ಮೆಟ್ಟಿಲಿಗೆ ತಾಗಿ ಅದುರುತ್ತದೆ. ನಾನು ತಂತಿ ಬದಲಿಸಿ ಹಣವನ್ನೂ ಹೊತ್ತನ್ನೂ ಕಳೆದದ್ದು ಈ ಪರೀಕ್ಷೆ ಗೊತ್ತಿಲ್ಲದೆ.

ಮೇಳ ಕಟ್ಟಿಸಿಕೊಂಡು ಮನೆಗೆ ಬಂದ ಮೇಲೆ ಹೊಸ ಜಾಗ ಹುಡುಕಬೇಕಿತ್ತು. ನಾನು ಮಾಡಿದ ಒಳ್ಳೆಯ ಕೆಲಸವೆಂದರೆ ಕೂಡಲೇ ಪೀಠೋಪಕರಣ ಕೊಳ್ಳಲು ಹೋಗದೆ, ಉಷ್ಣತೆಯನ್ನೂ ಗಾಳಿಯ ತೇವವನ್ನೂ ತೋರಿಸುವ ಪುಟ್ಟ ಡಿಜಿಟಲ್ ಮಾಪಕವನ್ನು ತಂದದ್ದು. ಕೆಲವು ನೂರು ರೂಪಾಯಿಗೆ ಅಂಗೈಯಲ್ಲಿ ಹಿಡಿಸುವಂಥದ್ದು ಸಿಗುತ್ತದೆ. ನಮ್ಮ ಮನೆಯಲ್ಲಿ ವೀಣೆ ಹಿಡಿಯಬಹುದಾದ ನಾಲ್ಕು ಜಾಗಗಳಿದ್ದವು. ಒಂದೊಂದರಲ್ಲೂ ಮಾಪಕವನ್ನು ಎರಡೆರಡು ದಿನ, ವೀಣೆ ಮಲಗುವ ಎತ್ತರದಲ್ಲೇ ಇಟ್ಟು, ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಐದಕ್ಕೆ, ರಾತ್ರಿ ಹತ್ತಕ್ಕೆ ಬರೆದಿಟ್ಟೆ.

ಹಾಲ್‌ನ ಹಳೆಯ ಜಾಗದಲ್ಲಿ ಬೆಳಿಗ್ಗೆ 27 ಡಿಗ್ರಿ ಇದ್ದದ್ದು ಸಂಜೆ ಐದಕ್ಕೆ, ಬಿಸಿಲು ತಾಗುವ ಕಡೆ, 43 ತೋರಿಸಿತು. ಅದರ ಕಥೆ ಅಲ್ಲಿಗೆ ಮುಗಿಯಿತು. ದೇವರಮನೆಯ ಪಕ್ಕದ ಓಣಿ ತಂಪಾಗಿತ್ತು, ಆದರೆ ಅಗಲ ಮೂರಡಿ. ನಾಲ್ಕಡಿ ಉದ್ದದ ವಾದ್ಯವನ್ನು ಜನ ಓಡಾಡುವ ದಾರಿಯಲ್ಲಿ ಇಟ್ಟರೆ ಇಂದಲ್ಲ ನಾಳೆ ಯಾರದೋ ಕಾಲು ಸೋರೆ ಬುರುಡೆಗೆ ತಾಗುತ್ತದೆ. ಮೂರನೆಯದು ನಮ್ಮ ಮಲಗುವ ಕೋಣೆಯ ಗೋಡೆ. ನೋಡಲು ಬಹಳ ಚೆನ್ನಾಗಿತ್ತು. ಉಷ್ಣತೆ ದಿನವಿಡೀ 28ರಿಂದ 30ರೊಳಗೆ. ಆದರೆ ತೇವ ಬೆಳಿಗ್ಗೆ ಒಮ್ಮೆ ಏರುತ್ತಿತ್ತು, ಮಧ್ಯಾಹ್ನ ಇಳಿಯುತ್ತಿತ್ತು. ಕಾರಣ ಹುಡುಕಿದರೆ ಆ ಗೋಡೆಯ ಹಿಂದೆ ಬಚ್ಚಲುಮನೆ. ಗೋಡೆಯ ಬುಡದಲ್ಲಿ ಸುಣ್ಣ ಸಣ್ಣಗೆ ಉಬ್ಬಿದ್ದನ್ನು ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಅಂಗೈ ಇಟ್ಟು ನೋಡಿದಾಗ ಆ ಗೋಡೆ ಬೇರೆಯವುಗಳಿಗಿಂತ ತಣ್ಣಗಿತ್ತು.

ಉಳಿದದ್ದು ಮಗನ ಕೋಣೆಯ ಮೂಲೆ. ಎರಡೂ ಒಳಗೋಡೆಗಳು. ಒಂದರ ಹಿಂದೆ ನೆಂಟರ ಕೋಣೆ, ಇನ್ನೊಂದರ ಹಿಂದೆ ಹಾಲ್. ಕಿಟಕಿ ಪೂರ್ವಕ್ಕೆ, ಎಂಟಡಿ ದೂರದಲ್ಲಿ. ಎಳೆಬಿಸಿಲು ಕೋಣೆಯ ಅರ್ಧಕ್ಕೆ ಬಂದು ನಿಲ್ಲುತ್ತದೆ. ಉಷ್ಣತೆ 28ರಿಂದ 31. ತೇವ 36ರಿಂದ 44. ಈ ಅಂಕೆಗಳಲ್ಲಿ ನನಗೆ ಮುಖ್ಯವೆನಿಸಿದ್ದು ಅವುಗಳ ನಡುವಿನ ಅಂತರ ಚಿಕ್ಕದಾಗಿದ್ದದ್ದು. ಮರದ ವಾದ್ಯಕ್ಕೆ ತೇವ ಶೇಕಡಾ 45ರಿಂದ 60ರ ನಡುವೆ ಇದ್ದರೆ ಒಳ್ಳೆಯದು ಎನ್ನುತ್ತಾರೆ. ಬೆಂಗಳೂರಿನ ಬೇಸಿಗೆಯ ಮಧ್ಯಾಹ್ನ ಅದು 30ರ ಆಸುಪಾಸಿಗೆ ಇಳಿಯುತ್ತದೆ, ಮಲೆನಾಡು ಕರಾವಳಿಗಳ ಆಷಾಢದಲ್ಲಿ 90 ಮುಟ್ಟುತ್ತದೆ. ನಮ್ಮ ಊರುಗಳ ಹವೆಯನ್ನು ಬದಲಿಸಲು ಆಗದು. ಮರ ನಿಧಾನದ ಬದಲಾವಣೆಗೆ ಒಗ್ಗಿಕೊಳ್ಳುತ್ತದೆ, ಒಂದೇ ದಿನದ ಏರಿಳಿತಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಬೆಳಿಗ್ಗೆಗೂ ಸಂಜೆಗೂ ಕಡಿಮೆ ವ್ಯತ್ಯಾಸವಿರುವ ಮೂಲೆಯೇ ಮನೆಯಲ್ಲಿ ವೀಣೆಯ ಮೂಲೆ.

ಏರಿಳಿತ ಮೊದಲು ತೋರುವುದು ಬೆಸುಗೆಯಲ್ಲಿ. ವೀಣೆ ಹಲಸಿನ ಮರದ್ದು. ಇಡೀ ವಾದ್ಯವನ್ನು ಒಂದೇ ತುಂಡಿನಲ್ಲಿ ಕೊರೆದದ್ದು ಏಕಾಂಡ ವೀಣೆ; ಕೊಡ, ದಂಡಿ, ಯಾಳಿಮುಖಗಳನ್ನು ಬೇರೆ ಬೇರೆ ಮಾಡಿ ಕೂಡಿಸಿದ್ದು ಜೋಡಣೆಯ ವೀಣೆ. ಸಾಮಾನ್ಯವಾಗಿ ನಮ್ಮ ಮನೆಗಳಲ್ಲಿರುವುದು ಎರಡನೆಯದೇ. ಮರ ಒಣಗಿದಾಗ ಎಳೆಯ ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಎಳೆಯ ದಿಕ್ಕು ಬೇರೆ ಬೇರೆಯಾಗಿರುವ ಎರಡು ತುಂಡುಗಳು ಸೇರುವ ಕಡೆ ಒಂದು ಹೆಚ್ಚು ಕುಗ್ಗಿ ಇನ್ನೊಂದು ಕಡಿಮೆ ಕುಗ್ಗಿದರೆ ಅಲ್ಲಿ ಕೂದಲಗೆರೆ ಬಿಡುತ್ತದೆ. ನಮ್ಮ ವೀಣೆಗೆ ಕೊಡವೂ ದಂಡಿಯೂ ಕೂಡುವ ಜಾಗದಲ್ಲಿ ಫೆಬ್ರವರಿಯಲ್ಲೇ ಅಂಥ ಗೆರೆ ಕಾಣಿಸಿಕೊಂಡಿತ್ತು. ಹಳೆಯ ಅಲಂಕಾರದ ಗೀಚು ಎಂದುಕೊಂಡಿದ್ದೆ. ಮಳೆಯ ಊರಿನಲ್ಲಿ ವರ್ಷಾನುಗಟ್ಟಲೆ ಇದ್ದ ಮರ ಒಣಹವೆಯ ಊರಿಗೆ ಬಂದ ಮೊದಲ ಬೇಸಿಗೆಯಲ್ಲಿ ಹೀಗಾಗುವುದು ಸಹಜ. ವಾರಕ್ಕೊಮ್ಮೆ ಆ ಬೆಸುಗೆಯ ಮೇಲೆ ಉಗುರನ್ನು ಅಡ್ಡವಾಗಿ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಬಿರುಕು ಬಿಡುತ್ತಿದೆ, ಜಾರಿದರೆ ಚಿಂತೆಯಿಲ್ಲ. ಬಿರುಕಿಗೆ ಅಂಗಡಿಯ ಅಂಟು ತುಂಬಬೇಡಿ. ಮುಂದೆ ರಿಪೇರಿ ಮಾಡುವವರಿಗೆ ಆ ಅಂಟನ್ನು ಕೆರೆದು ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ.

ಬೇಸಿಗೆಯಲ್ಲಿ ಆ ಕೋಣೆಯ ಇನ್ನೊಂದು ಬದಿಗೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಇಡುತ್ತೇನೆ. ಕೋಣೆಯ ಬಾಗಿಲು ಮುಚ್ಚಿದ್ದರೆ ಮಾಪಕದಲ್ಲಿ ನಾಲ್ಕೈದು ಅಂಶ ಏರುತ್ತದೆ, ತೆರೆದಿದ್ದರೆ ಏನೂ ಆಗುವುದಿಲ್ಲ. ಒದ್ದೆ ಬಟ್ಟೆಯನ್ನು ಮಾತ್ರ ವೀಣೆಯ ಹತ್ತಿರವೂ ತರಬಾರದು.

ಮೂಲೆ ಗೊತ್ತಾದ ಮೇಲೆ ಬಡಗಿಯಿಂದ ಒಂದು ತಗ್ಗು ಮಣೆ ಮಾಡಿಸಿದೆ. ಉದ್ದ ಐದಡಿ, ಅಗಲ ಎರಡಡಿ, ಎತ್ತರ ಆರಂಗುಲ. ವೀಣೆಗಿಂತ ಎರಡೂ ಕಡೆ ಅರ್ಧರ್ಧ ಅಡಿ ಹೆಚ್ಚಿರಬೇಕೆಂಬುದು ಲೆಕ್ಕ; ಯಾಳಿಮುಖ ಮಣೆಯಿಂದ ಹೊರಗೆ ಚಾಚಿದ್ದರೆ ಪೊರಕೆಯೋ ಬ್ಯಾಗೋ ಅದಕ್ಕೇ ತಗುಲುತ್ತದೆ. ಆರಂಗುಲದ ಎತ್ತರ ನೆಲ ಒರೆಸುವಾಗಿನ ನೀರಿನಿಂದ ಕಾಪಾಡುತ್ತದೆ, ಕೆಳಗೆ ಗುಡಿಸಲು ಬರುತ್ತದೆ, ನೆಲಮಹಡಿಯ ಮನೆಯಾದರೆ ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಕಾಲಿನ ಮೇಲೆ ಏರುವುದು ಕಣ್ಣಿಗೆ ಬೀಳುತ್ತದೆ. ಮಣೆಯನ್ನು ಗೋಡೆಗೆ ಒತ್ತದೆ ನಾಲ್ಕು ಅಂಗುಲ ಬಿಟ್ಟಿದ್ದೇನೆ. ಗೋಡೆ ಬೆವರಿದರೂ ವೀಣೆಗೆ ತಾಗುವುದಿಲ್ಲ. ಮೇಲೆ ಮಡಿಸಿದ ಜಮಖಾನ. ಸೋರೆ ಬುರುಡೆ ಕೂರುವ ಕಡೆ ಹಳೆಯ ಹತ್ತಿ ಸೀರೆಯ ಸಿಂಬಿ. ಬುರುಡೆ ನಿಜವಾದ ಸೋರೆಯದ್ದಾಗಲಿ, ಕಾಗದದ ಮುದ್ದೆಯದ್ದಾಗಲಿ, ಈಗ ಬರುವ ಫೈಬರಿನದ್ದಾಗಲಿ, ವೀಣೆಯ ಭಾರವನ್ನು ಅದು ಪಕ್ಕಕ್ಕೆ ಹೊರಲಾರದು. ಸಿಂಬಿಯಿದ್ದರೆ ಉರುಳುವುದಿಲ್ಲ.

ವೀಣೆಯನ್ನು ಮೂಲೆಗೆ ಒರಗಿಸಿ ನಿಲ್ಲಿಸುವವರಿದ್ದಾರೆ, ಗೋಡೆಗೆ ತೂಗುಹಾಕುವವರೂ ಇದ್ದಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ. ನಿಲ್ಲಿಸಿದರೆ ಅಷ್ಟೂ ಭಾರ ಕೊಡದ ಅಂಚಿನ ಒಂದು ಬಿಂದುವಿನ ಮೇಲೆ ನಿಲ್ಲುತ್ತದೆ, ಜಾರಿದರೆ ತಡೆಯಲು ಏನೂ ಇರುವುದಿಲ್ಲ. ತೂಗುಹಾಕಿದರೆ ಭಾರವೆಲ್ಲ ದಂಡಿಯ ಬೆಸುಗೆಗೆ. ಮಲಗಿಸುವುದೇ ಸರಿ, ಮೆಟ್ಟಿಲು ಮೇಲ್ಮುಖವಾಗಿ. ಎತ್ತುವಾಗ ಒಂದು ಕೈ ಕೊಡದ ಕೆಳಗೆ, ಇನ್ನೊಂದು ದಂಡಿಯ ಕೆಳಗೆ. ಯಾಳಿಮುಖವನ್ನು ಹಿಡಿದು ಎತ್ತಬಾರದು. ಅಲ್ಲೂ ಒಂದು ಬೆಸುಗೆಯಿದೆ.

ಹೊದಿಕೆ ತೆಳುವಾದ ಹತ್ತಿ ಬಟ್ಟೆಯದ್ದು, ಎರಡು ಪದರ. ಪ್ಲಾಸ್ಟಿಕ್ ಹೊದಿಕೆ ಧೂಳನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ ನಿಜ, ಆದರೆ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ. ತೀರ್ಥಹಳ್ಳಿಯಲ್ಲಿ ಅತ್ತೆ ಮಳೆಗಾಲದಲ್ಲಿ ವೀಣೆಯನ್ನು ಪೆಟ್ಟಿಗೆಯಲ್ಲಿಟ್ಟು ಅಟ್ಟ ಸೇರಿಸುತ್ತಿದ್ದರು. ಪ್ರತಿ ದೀಪಾವಳಿಗೂ ಪೆಟ್ಟಿಗೆ ತೆರೆದಾಗ ಕೊಡದ ಒಳಗೆ ಬೂಷ್ಟಿನ ವಾಸನೆ. ಪೆಟ್ಟಿಗೆಯಲ್ಲೇ ಇಡಬೇಕಾದವರು ಮಳೆ ಬಿಟ್ಟ ದಿನ ವಾರಕ್ಕೊಮ್ಮೆ ಎರಡು ಗಂಟೆ ಮುಚ್ಚಳ ತೆರೆದಿಡಬೇಕು, ನೆರಳಿನಲ್ಲಿ. ಸಿಲಿಕಾ ಜೆಲ್ ಚೀಲಗಳು ಮುಚ್ಚಿದ ಪೆಟ್ಟಿಗೆಯೊಳಗೆ ಮಾತ್ರ ಕೆಲಸ ಮಾಡುತ್ತವೆ. ಬಣ್ಣ ಬದಲಾದ ಮೇಲೆ ಒಣಗಿಸದಿದ್ದರೆ ಅವು ಅಲ್ಲಿದ್ದೂ ಇಲ್ಲದಂತೆ. ತೆರೆದ ಮಣೆಯ ಮೇಲೆ ಅವನ್ನು ಇಡುವುದು ವ್ಯರ್ಥ.

ಮೂಲೆಯಲ್ಲೇ ಕೂತು ನುಡಿಸುವವರು ಬೆಳಕನ್ನೂ ಸದ್ದನ್ನೂ ನೋಡಿಕೊಳ್ಳಬೇಕು. ದೀಪ ಬೆನ್ನ ಹಿಂದಿದ್ದರೆ ನಮ್ಮ ತಲೆಯ ನೆರಳೇ ಮೆಟ್ಟಿಲುಗಳ ಮೇಲೆ ಬೀಳುತ್ತದೆ. ಎಡಗೈ ಓಡಾಡುವ ಕಡೆಯಿಂದ, ಸ್ವಲ್ಪ ಮುಂದಿನಿಂದ ಬಂದರೆ ಒಳ್ಳೆಯದು. ವೀಣೆಯ ನಾದ ಮೆಲ್ಲನೆಯದು, ಮೀಟಿದ ಮೇಲೆ ಉಳಿಯುವ ಎಳೆಯಲ್ಲೇ ಅದರ ಸೊಗಸಿದೆ. ಸೀಲಿಂಗ್ ಫ್ಯಾನಿನ ನೇರ ಕೆಳಗೆ ಕೂತರೆ ಆ ಎಳೆ ಕೇಳುವುದಿಲ್ಲ. ನಾನು ಬೆನ್ನನ್ನು ಮೂಲೆಗೆ ಮಾಡಿ ಕೂತು ನೋಡಿದೆ, ಮೂಲೆಯತ್ತ ಮುಖ ಮಾಡಿಯೂ ನೋಡಿದೆ. ಮೂಲೆಗೆ ತೀರಾ ಒತ್ತಿ ಕೂತಾಗ ಮಂದ್ರ ತಂತಿಗಳು ಊದಿಕೊಂಡಂತೆ ಕೇಳಿಸಿ ಸಾರಣಿ ಮಂಕಾಗುತ್ತಿತ್ತು. ಎರಡೂವರೆ ಅಡಿ ಮುಂದಕ್ಕೆ ಬಂದು, ನೆಲದ ಟೈಲ್ಸಿನ ಮೇಲೆ ದಪ್ಪ ಜಮಖಾನ ಹಾಸಿದ ಮೇಲೆ ಎಲ್ಲ ಸ್ಥಾಯಿಗಳೂ ಸಮವಾಗಿ ಕೇಳಿದವು.

ಮಗನ ಕೀಬೋರ್ಡ್ ಕೂಡ ಅದೇ ಕೋಣೆಯಲ್ಲಿರಬೇಕಿತ್ತು. ಅದರ ಚಿಂತೆ ಬೇರೆ. ಅದಕ್ಕೆ ಶತ್ರು ಧೂಳು, ತೇವ, ಕರೆಂಟಿನ ಏರಿಳಿತ. ಕೀಗಳ ಕೆಳಗಿನ ರಬ್ಬರಿನ ಗುಬುಟುಗಳ ಮೇಲೆ ಧೂಳು ಕೂತರೆ ಒಂದು ಸ್ವರ ಕೆಲವೊಮ್ಮೆ ನುಡಿಯುವುದಿಲ್ಲ, ಕೆಲವೊಮ್ಮೆ ಮುಟ್ಟಿದೊಡನೆ ಜೋರಾಗಿ ಅರಚುತ್ತದೆ. ಸ್ಟ್ಯಾಂಡಿನ ಎತ್ತರವನ್ನು ಮೊಣಕೈಗೆ ಹೊಂದಿಸಬೇಕು. ಕೂತಾಗ ಮುಂಗೈ ನೆಲಕ್ಕೆ ಸಮವಾಗಿರಬೇಕು. ನುಡಿಸಿ ಆದ ಮೇಲೆ ಅಡಾಪ್ಟರನ್ನು ಗೋಡೆಯಿಂದ ಕಿತ್ತು, ಬಟ್ಟೆ ಹೊದಿಸಬೇಕು. ವಾರಗಟ್ಟಲೆ ಮುಟ್ಟದಿದ್ದರೆ ಒಳಗಿನ ಬ್ಯಾಟರಿ ತೆಗೆದಿಡಬೇಕು, ಸೋರಿದರೆ ತಗಡೆಲ್ಲ ಹಸಿರಾಗುತ್ತದೆ.

ಎರಡನ್ನೂ ಅಕ್ಕಪಕ್ಕ ಇಟ್ಟಾಗ ಒಂದು ವಿಚಿತ್ರ ಕಂಡೆವು. ಅವನು ಕೀಬೋರ್ಡಿನಲ್ಲಿ ಕೆಲವು ಸ್ವರ ಒತ್ತಿದಾಗ ಹೊದಿಕೆಯೊಳಗಿನ ವೀಣೆ ತಾನಾಗಿ ಗುಂಯ್ ಎನ್ನುತ್ತಿತ್ತು. ತಂತಿಯ ಶ್ರುತಿಗೆ ಹೊಂದುವ ಸ್ವರ ಗಾಳಿಯಲ್ಲಿ ಬಂದರೆ ತಂತಿ ಅದಕ್ಕೆ ಅದುರುತ್ತದೆ. ವಾದ್ಯಕ್ಕೆ ಹಾನಿಯಿಲ್ಲ. ಆದರೆ ನುಡಿಸುವವನಿಗೆ ಕಿರಿಕಿರಿ. ಕೀಬೋರ್ಡನ್ನು ಎದುರು ಗೋಡೆಗೆ, ಸ್ಪೀಕರ್ ವೀಣೆಯ ಕಡೆ ಮುಖ ಮಾಡದಂತೆ ಇಟ್ಟ ಮೇಲೆ ಸರಿಹೋಯಿತು.

ಮಣೆಯ ಪಕ್ಕ ಒಂದು ಮುಚ್ಚಳದ ಡಬ್ಬಿಯಿದೆ. ಬಿಡಿ ತಂತಿಗಳು, ಒರೆಸುವ ಬಟ್ಟೆ, ಎಡಗೈ ಬೆರಳಿಗೆ ಹಚ್ಚುವ ಕೊಬ್ಬರಿ ಎಣ್ಣೆಯ ಪುಟ್ಟ ಬಟ್ಟಲು ಅದರಲ್ಲಿ. ಎಣ್ಣೆಯನ್ನು ನೇರವಾಗಿ ಬೆರಳಿಗೆ ಅದ್ದುವುದಿಲ್ಲ. ಹತ್ತಿಗೆ ಹೀರಿಸಿ, ಆ ಹತ್ತಿಗೆ ಬೆರಳು ಸವರುತ್ತೇನೆ. ಎಣ್ಣೆ ಹೆಚ್ಚಾದರೆ ತಂತಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಮೇಣಕ್ಕೆ ಇಳಿಯುತ್ತದೆ. ಎಣ್ಣೆ ತಾಗಿದ ಮೇಣ ಬಿಸಿಲಿಲ್ಲದೆಯೂ ಮೆತ್ತಗಾಗುತ್ತದೆ. ಇದೇ ಕಾರಣಕ್ಕೆ ನವರಾತ್ರಿಯ ಸರಸ್ವತಿ ಪೂಜೆಯಲ್ಲಿ ಅರಿಸಿನ ಕುಂಕುಮವನ್ನು ಕೊಡದ ಮರದ ಮೇಲೆ ಮಾತ್ರ ಇಡುತ್ತೇನೆ, ದೀಪವನ್ನು ಮಣೆಯಿಂದ ಮೂರಡಿ ದೂರದಲ್ಲಿ. ಹೂವನ್ನು ಮಾರನೆಯ ಬೆಳಿಗ್ಗೆಯೇ ತೆಗೆಯಬೇಕು. ಬಾಡಿದ ಹೂವಿನ ನೀರು ತಂತಿಗೆ ತುಕ್ಕು ಹಿಡಿಸುತ್ತದೆ.

ಊರಿಗೆ ಹೋಗುವಾಗ ತಂತಿಗಳನ್ನು ಪೂರ್ತಿ ಸಡಿಲಿಸಬೇಕೇ ಎಂದು ಹಲವರು ಕೇಳುತ್ತಾರೆ. ಬೇಡ. ಕುದುರೆ ತನ್ನ ಜಾಗದಲ್ಲಿ ನಿಲ್ಲುವುದರಲ್ಲಿ ತಂತಿಗಳ ಒತ್ತಡದ ಪಾಲು ದೊಡ್ಡದು. ಏಳನ್ನೂ ಒಮ್ಮೆಗೇ ಬಿಚ್ಚಿದರೆ ಅದು ಸರಿಯಬಹುದು, ಬೀಳಲೂಬಹುದು. ವಾರವೊಂದಕ್ಕಾದರೆ ಏನೂ ಮಾಡುವುದಿಲ್ಲ. ತಿಂಗಳಿಗೆ ಮೀರಿದರೆ ಎಲ್ಲ ತಂತಿಗಳನ್ನೂ ಎರಡು ಸ್ವರದಷ್ಟು ಇಳಿಸುತ್ತೇನೆ. ತಂತಿ ಬದಲಿಸುವಾಗಲೂ ಅಷ್ಟೇ, ಒಂದನ್ನು ಹಾಕಿ ಬಿಗಿದ ಮೇಲೆ ಇನ್ನೊಂದನ್ನು ಬಿಚ್ಚುವುದು. ಕಾರಿನಲ್ಲಿ ಒಯ್ಯುವುದಾದರೆ ಊಟಕ್ಕೆ ಇಳಿದಾಗ ವೀಣೆಯೂ ನಮ್ಮೊಂದಿಗೆ ಇಳಿಯುತ್ತದೆ. ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನ ಒಳಗು ನಮ್ಮ ಪಶ್ಚಿಮದ ಕಿಟಕಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ.

ಮರುವರ್ಷದ ಏಪ್ರಿಲ್‌ನಲ್ಲಿ, ಅದೇ ಎರಡನೇ ವಾರ, ಸಾರಣಿಯನ್ನು ಶ್ರುತಿಗೆ ಕೂರಿಸಿ ಮೆಟ್ಟಿಲುಗಳನ್ನು ಒಂದೊಂದಾಗಿ ಕೇಳಿದೆ. 12ನೆಯದು ಮೇಲಿನ ಷಡ್ಜಕ್ಕೆ ಸರಿಯಾಗಿ ಸೇರಿತು. ಕಳೆದ ವರ್ಷ ಕುಸಿದಿದ್ದ ಎರಡರಲ್ಲಿ ಒಂದು ಸರಿಯಿತ್ತು, ಇನ್ನೊಂದು ಸ್ವಲ್ಪ ತಗ್ಗಿನಲ್ಲಿದೆ ಎನಿಸಿತು. ಮೈಸೂರಿಗೆ ಫೋನ್ ಮಾಡಿ ಹೇಳಿದೆ. “ಹೊಸ ಮೇಣ ಕೂತ್ಕೊಳ್ಳೋಕೆ ಒಂದು ವರ್ಷ ಬೇಕಮ್ಮಾ, ಅಷ್ಟು ಇಳಿಯುತ್ತೆ. ದಸರೆಗೆ ಬರುವಾಗ ತನ್ನಿ, ಅದೊಂದನ್ನೇ ಎತ್ತಿ ಕೂರಿಸೋಣ” ಎಂದರು.